ಗುಡಿ ಕಡೆಗೋ, ಎದುರಿಗೋ?

ಅಕ್ಕನ ಮಗಳ ಶಾಲೆ ಆಟೋದಲ್ಲಿ ಆರು ಮಕ್ಕಳು. ಒಬ್ಬಳು ಹತ್ತುವ ಜಾಗ ಬದಲಾದರೆ ಉಳಿದ ಐದು ಮನೆಗಳ ಹೊತ್ತೂ ಜರುಗುತ್ತದೆ. ಬೆಳಿಗ್ಗೆ ಅಣ್ಣ ಗಾಡಿ ಓಡಿಸುತ್ತಿರುತ್ತಾರೆ, ಫೋನ್ ಎತ್ತುವುದಿಲ್ಲ. ಹಿಂದಿನ ಸಂಜೆಯೇ ಮಾಡಿದೆ.

“ಅಣ್ಣಾ, ನಾಳೆ ಒಂದಿನ ಮಾತ್ರ ಪಾಪು ನನ್ನ ರೂಮಿಂದ ಬರ್ತಾಳೆ. ಎಂಟೂಕಾಲಲ್ಲ, ಎಂಟಕ್ಕೆ. ಗಣಪತಿ ಗುಡಿ ಹತ್ರ.”

“ಗುಡಿ ಕಡೆಗೋ, ಎದುರಿಗೋ ಮೇಡಂ?”

ನಡುವೆ ಡಿವೈಡರ್ ಇದೆ. ಕಡೆ ತಪ್ಪಿದರೆ ಅವರು ಸಿಗ್ನಲ್‌ವರೆಗೆ ಹೋಗಿ ತಿರುಗಬೇಕು, ಇಲ್ಲವೇ ಮಗು ಓಡಿ ರಸ್ತೆ ದಾಟುತ್ತದೆ.

“ಎದುರಿಗೆ, ಮೆಡಿಕಲ್ ಮುಂದೆ. ನಾನೇ ನಿಂತಿರ್ತೀನಿ. ಸಂಜೆ ಅಕ್ಕನ ಮನೆಗೇ ಬಿಡಿ.”

ಸಂಜೆಯದು ಹೇಳದಿದ್ದರೆ ಅವಳು ಬೀಗ ಹಾಕಿದ ರೂಮಿನ ಮುಂದೆ ಇಳಿಯುತ್ತಾಳೆ.

“ಎಂಟು, ಮೆಡಿಕಲ್ ಮುಂದೆ, ಸಂಜೆ ಹಳೇ ಮನೆ,” ಎಂದು ಅವರು ತಿರುಗಿ ಹೇಳಿದ ಮೇಲೆ ಫೋನಿಟ್ಟೆ.