ಯಾವುದಕ್ಕೆ ಥ್ಯಾಂಕ್ಸ್?

ಶುಕ್ರವಾರ ಮಧ್ಯಾಹ್ನ ಪುಣೆಯ ಆ ಆಫೀಸಿನಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿಯಾಗಿದ್ದವು. ಎರಡು ರಾತ್ರಿ ನಿದ್ದೆಗೆಟ್ಟವರು ಮನೆಯಲ್ಲಿ ಮಲಗಿದ್ದರು. ಔಷಧ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಹಿಂದಿನ ರಾತ್ರಿಯಷ್ಟೇ ಎಲ್ಲ ಅಂಗಡಿಗಳೂ ಹೊಸ ಆವೃತ್ತಿಗೆ ಬಂದಿದ್ದವು. ಧಾರವಾಡದಿಂದ ಬಂದು ಹನ್ನೆರಡು ವರ್ಷಗಳಿಂದ ಪುಣೆಯಲ್ಲಿರುವ ಮ್ಯಾನೇಜರ್ ತನ್ನ ಹನ್ನೊಂದು ಜನರ ತಂಡಕ್ಕೆ ಮೇಲ್ ಬರೆಯಲು ಕೂತಿದ್ದಳು. ಎರಡು ನಿಮಿಷದಲ್ಲಿ ಬರೆದೂ ಆಯಿತು: ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ, ಹಗಲೂ ರಾತ್ರಿ ದುಡಿದಿದ್ದೀರಿ, ಇಂಥ ತಂಡ ಸಿಕ್ಕಿದ್ದು ನನ್ನ ಭಾಗ್ಯ, ಸೋಮವಾರ ಪಿಜ್ಜಾ ಇದೆ.

ಕಳಿಸುವ ಗುಂಡಿ ಒತ್ತುವ ಮೊದಲು ಅವಳಿಗೆ ಎರಡು ವರ್ಷದ ಹಿಂದಿನ ಒಂದು ಮಾತು ನೆನಪಾಯಿತು. ಆಗ ಕೆಲಸ ಬಿಟ್ಟು ಹೊರಟಿದ್ದ ಹಿರಿಯ ಪ್ರೋಗ್ರಾಮರ್ ಒಬ್ಬ ಕೊನೆಯ ದಿನ ಚಹಾ ಕುಡಿಯುತ್ತ, ಸಿಟ್ಟಿಲ್ಲದೆ ಹೇಳಿದ್ದ: "ನೀವು ಪ್ರತಿ ಸಲ ಥ್ಯಾಂಕ್ಸ್ ಹೇಳ್ತಿದ್ರಿ ಮೇಡಂ. ಆದರೆ ಆ ಮೇಲನ್ನ ಪಕ್ಕದ ಟೀಮಿಗೆ ಕಳಿಸಿದ್ದರೂ ಒಂದು ಅಕ್ಷರ ಬದಲಿಸಬೇಕಾಗ್ತಿರಲಿಲ್ಲ. ನಾನು ಏನು ಮಾಡಿದೆ ಅಂತ ನಿಮಗೆ ಗೊತ್ತಿದೆಯೋ ಇಲ್ಲವೋ ಅನ್ನೋದೇ ನನಗೆ ಗೊತ್ತಾಗಲಿಲ್ಲ."

ಈ ಸಲ ಅವಳ ಮುಂದಿದ್ದ ಮೇಲ್ ಕೂಡ ಅಂಥದ್ದೇ. ಅವಳು ಅದನ್ನು ಅಳಿಸಿದಳು. ಅಳಿಸಿದ ಮೇಲೆ ಇನ್ನೊಂದು ವಿಷಯ ಅರಿವಾಯಿತು. ಯಾರು ಏನು ಮಾಡಿದರೆಂದು ನಿರ್ದಿಷ್ಟವಾಗಿ ಬರೆಯೋಣವೆಂದರೆ ಅವಳಿಗೆ ನೆನಪಿದ್ದುದು ಇಬ್ಬರ ಕೆಲಸ ಮಾತ್ರ. ಆ ಇಬ್ಬರೂ ಗುರುವಾರ ಅವಳ ಪಕ್ಕದಲ್ಲೇ ಕೂತಿದ್ದವರು.

ಹಾಗಾಗಿ ಬರೆಯುವುದನ್ನು ಬಿಟ್ಟು ಹುಡುಕಲು ಶುರುಮಾಡಿದಳು. ಲಾಂಚ್‌ಗೆಂದೇ ಮಾಡಿದ್ದ ಚಾಟ್ ಗುಂಪಿನಲ್ಲಿ ಪ್ರತಿ ಮಾತಿಗೂ ಗಂಟೆ ನಿಮಿಷದ ಗುರುತು ಇತ್ತು. ದೋಷಗಳ ಟಿಕೆಟ್‌ಗಳಲ್ಲಿ ಯಾರು ತೆರೆದರು, ಯಾರು ಮುಚ್ಚಿದರು ಎಂಬುದಿತ್ತು. ಅಂಗಡಿಗಳಿಂದ ಬಂದ ಕರೆಗಳ ಟಿಪ್ಪಣಿಗಳಿದ್ದವು. ಒಂದೂವರೆ ಗಂಟೆ ಇವನ್ನೆಲ್ಲ ಓದಿದ ಮೇಲೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕಳಿಸಿದಳು: ಈ ವಾರ ನಿಮಗೆ ಯಾರಿಂದ ಉಪಕಾರವಾಯಿತು, ಅದು ನನ್ನ ಕಣ್ಣಿಗೆ ಬೀಳದೆ ಹೋಗಿರಬಹುದು ಅನ್ನಿಸುವಂಥದ್ದು ಯಾವುದು?

ಉತ್ತರಗಳಲ್ಲಿ ಹೆಚ್ಚು ಸಲ ಬಂದ ಹೆಸರು ಟೆಸ್ಟಿಂಗ್ ಮಾಡುವ ಹುಡುಗಿಯದು. ಮ್ಯಾನೇಜರ್ ಅಳಿಸಿದ ಮೇಲ್‌ನಲ್ಲಿ ಆಕೆಗೆ ಪ್ರತ್ಯೇಕವಾಗಿ ಒಂದು ಸಾಲೂ ಇರಲಿಲ್ಲ.

ಲಾಂಚ್ ಆಗಬೇಕಿದ್ದದ್ದು ಸೋಮವಾರ ರಾತ್ರಿ. ಶನಿವಾರ ಆ ಹುಡುಗಿ ಅದನ್ನು ತಡೆದಿದ್ದಳು. ಹಳೆಯ ಆವೃತ್ತಿಯಲ್ಲಿ ಮಾತ್ರೆಗಳ ದಾಸ್ತಾನನ್ನು ಸ್ಟ್ರಿಪ್‌ಗಳ ಲೆಕ್ಕದಲ್ಲಿ, ಎರಡು ದಶಾಂಶ ಸ್ಥಾನದವರೆಗೆ ಇಡಲಾಗುತ್ತಿತ್ತು. ಹೊಸದರಲ್ಲಿ ಬಿಡಿ ಮಾತ್ರೆಗಳ ಲೆಕ್ಕ. ಹಳೆಯದನ್ನು ಹೊಸದಕ್ಕೆ ಬದಲಿಸುವ ಪ್ರೋಗ್ರಾಂ ಗುಣಾಕಾರ ಮಾಡಿ ದಶಾಂಶದ ಭಾಗವನ್ನು ಕತ್ತರಿಸುತ್ತಿತ್ತು. ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ಇದರಿಂದ ತೊಂದರೆಯಿಲ್ಲ: ಮೂರು ಮಾರಿದರೆ ಉಳಿದದ್ದು 0.70 ಸ್ಟ್ರಿಪ್, ಅಂದರೆ ಸರಿಯಾಗಿ ಏಳು ಮಾತ್ರೆ. ತಂಡದ ಪರೀಕ್ಷೆಯ ದತ್ತಾಂಶದಲ್ಲಿ ಇದ್ದದ್ದೆಲ್ಲ ಹತ್ತರ ಸ್ಟ್ರಿಪ್‌ಗಳೇ. ಆದರೆ ಆ ಹುಡುಗಿಯ ಮನೆಯಲ್ಲಿ ಅವಳ ತಂದೆ ನುಂಗುವ ಬಿಪಿ ಮಾತ್ರೆ ಹದಿನೈದರ ಸ್ಟ್ರಿಪ್‌ನಲ್ಲಿ ಬರುತ್ತಿತ್ತು. ಆಕೆ ಅದನ್ನೇ ಲೆಕ್ಕಕ್ಕೆ ಹಾಕಿ ನೋಡಿದಳು. ಹದಿನೈದರಲ್ಲಿ ನಾಲ್ಕು ಮಾರಿದರೆ ಹಳೆಯ ಆವೃತ್ತಿಯಲ್ಲಿ 0.73 ಸ್ಟ್ರಿಪ್ ಉಳಿಯುತ್ತದೆ. ಅದನ್ನು ಹದಿನೈದರಿಂದ ಗುಣಿಸಿದರೆ 10.95. ಕತ್ತರಿಸಿದರೆ ಹತ್ತು. ಅಂಗಡಿಯ ಡಬ್ಬಿಯಲ್ಲಿ ಹನ್ನೊಂದು ಮಾತ್ರೆ, ಪರದೆಯ ಮೇಲೆ ಹತ್ತು.

ಒಂದು ಮಾತ್ರೆ ತಾನೆ ಎನ್ನುವಂತಿರಲಿಲ್ಲ. ಒಡೆದ ಸ್ಟ್ರಿಪ್‌ಗಳು ಪ್ರತಿ ಅಂಗಡಿಯಲ್ಲೂ ಹತ್ತಾರು ಇರುತ್ತವೆ. ಮೊದಲ ದಿನವೇ ದಾಸ್ತಾನು ತಾಳೆಯಾಗದಿದ್ದರೆ ಅಂಗಡಿಯವನು ಮೊದಲು ಅನುಮಾನಿಸುವುದು ಕೌಂಟರಿನಲ್ಲಿ ನಿಂತ ಕೆಲಸದ ಹುಡುಗನನ್ನು. ಕತ್ತರಿಸುವ ಬದಲು ಹತ್ತಿರದ ಪೂರ್ಣ ಸಂಖ್ಯೆಗೆ ತರಬೇಕಿತ್ತು. ತಿದ್ದಲು ಒಂದು ಗಂಟೆ ಸಾಕು. ಎಲ್ಲ ಅಂಗಡಿಗಳ ದತ್ತಾಂಶದ ಮೇಲೆ ಮತ್ತೆ ಓಡಿಸಿ ನೋಡಲು ಎರಡು ದಿನ ಬೇಕಾಯಿತು. ಲಾಂಚ್ ಬುಧವಾರಕ್ಕೆ ಹೋಯಿತು. ಸೋಮವಾರವೇ ಎಂದು ಅಂಗಡಿಗಳಿಗೆ ಮಾತು ಕೊಟ್ಟಿದ್ದ ಮಾರಾಟ ವಿಭಾಗದ ಮುಖ್ಯಸ್ಥರು ಮೀಟಿಂಗ್‌ನಲ್ಲಿ ಎಲ್ಲರೆದುರು, "ಒಂದು ಗುಳಿಗೆ ಸಲುವಾಗಿ ಎರಡು ದಿನ ಹಾಳು" ಅಂದರು. ಹುಡುಗಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಮ್ಯಾನೇಜರ್ ಕೂಡ ಆಗ ಸುಮ್ಮನಿದ್ದಳು.

ಎಂಐಟಿಯ ನೆಲ್ಸನ್ ರೆಪೆನಿಂಗ್ ಮತ್ತು ಜಾನ್ ಸ್ಟರ್ಮನ್ 2001ರಲ್ಲಿ ಬರೆದ ಒಂದು ಲೇಖನದ ಶೀರ್ಷಿಕೆಯೇ ಈ ಸಂಕಟವನ್ನು ಹೇಳುತ್ತದೆ: ಆಗದೇ ಹೋದ ತೊಂದರೆಯನ್ನು ಸರಿಪಡಿಸಿದ ಕೀರ್ತಿ ಯಾರಿಗೂ ಸಿಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಬೆಂಕಿ ಆರಿಸಿದವರು ಎಲ್ಲರಿಗೂ ಕಾಣುತ್ತಾರೆ. ಬೆಂಕಿ ಹತ್ತದಂತೆ ನೋಡಿಕೊಂಡವರು ಕಾಣುವುದಿಲ್ಲ. ನಡುರಾತ್ರಿ ಎದ್ದು ಸರಿಪಡಿಸಿದವರನ್ನೇ ಪ್ರತಿ ಸಲ ಹೊಗಳುತ್ತ ಹೋದರೆ, ನಡುರಾತ್ರಿ ಏಳುವ ಪ್ರಸಂಗವೇ ಬರದಂತೆ ಮಾಡಿದವರಿಗೆ ತಂಡ ಏನು ಕಲಿಸಿದಂತಾಯಿತು? ಇದನ್ನು ನೆನೆದು ಮ್ಯಾನೇಜರ್ ಆ ಹುಡುಗಿಯ ಬಗ್ಗೆ ಬರೆದ ಸಾಲುಗಳು ಇವು:

"ಶನಿವಾರ, ಪರೀಕ್ಷೆ ಮುಗಿಯಿತೆಂದು ನಾವೆಲ್ಲ ಅಂದುಕೊಂಡಿದ್ದಾಗ, ನೀವು ಹದಿನೈದರ ಸ್ಟ್ರಿಪ್ ಹಾಕಿ ನೋಡಿದಿರಿ. ಲಾಂಚ್ ಮುಂದೆ ಹೋಗುತ್ತದೆಂದು ಗೊತ್ತಿದ್ದೂ ಹೇಳಿದಿರಿ. ನಿನ್ನೆಯಿಂದ ಇಷ್ಟು ಅಂಗಡಿಗಳಲ್ಲಿ ದಾಸ್ತಾನು ತಾಳೆಯಾಗಿಲ್ಲ ಎಂಬ ಕರೆ ಒಂದೂ ಬಂದಿಲ್ಲ. ಎರಡು ದಿನ ತಡ ಮಾಡಿದ್ದು ಸರಿಯಾದ ನಿರ್ಧಾರ. ಅದನ್ನು ಮೀಟಿಂಗ್‌ನಲ್ಲೇ ನಾನು ಹೇಳಬೇಕಿತ್ತು."

ಈ ಮೇಲ್‌ನ ಪ್ರತಿ ಮಾರಾಟ ವಿಭಾಗದ ಮುಖ್ಯಸ್ಥರಿಗೂ ಹೋಯಿತು. ನಾಲ್ಕು ಜನರೆದುರು ಆದ ಅವಮಾನಕ್ಕೆ ಕಿವಿಯಲ್ಲಿ ಹೇಳುವ ಥ್ಯಾಂಕ್ಸ್ ಸಾಲುವುದಿಲ್ಲ.

ಆ ಸಾಲುಗಳಿಗೆ ಒಂದು ಕ್ರಮವಿದೆ. ಯಾವ ಹೊತ್ತಿನಲ್ಲಿ, ಏನು ಮಾಡಿದರು, ಅದರಿಂದ ಏನಾಯಿತು. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಇದನ್ನು ಸಂದರ್ಭ, ನಡವಳಿಕೆ, ಪರಿಣಾಮ ಎಂಬ ಮೂರು ಹೆಸರಿನಲ್ಲಿ ಕಲಿಸುತ್ತದೆ. ಇದರಲ್ಲಿ "ನೀವು ಬಹಳ ಬುದ್ಧಿವಂತೆ", "ನಿಮ್ಮಂಥ ಶ್ರದ್ಧೆ ಯಾರಿಗೂ ಇಲ್ಲ" ಎಂಬ ಗುಣವಿಶೇಷಣಗಳಿಗೆ ಜಾಗವಿಲ್ಲ. ಬುದ್ಧಿವಂತೆ ಅನ್ನಿಸಿಕೊಂಡವಳಿಗೆ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹದಿನೈದರ ಸ್ಟ್ರಿಪ್ ಹಾಕಿ ನೋಡಿದ್ದು ಒಳ್ಳೆಯದಾಯಿತು ಎಂದರೆ ಅವಳಿಗಷ್ಟೇ ಅಲ್ಲ, ಮೇಲ್ ಓದಿದ ಉಳಿದ ಹತ್ತು ಜನರಿಗೂ ತಿಳಿಯುತ್ತದೆ.

ಆದರೆ ನಿರ್ದಿಷ್ಟವಾಗಿ ಬರೆಯುವುದರಲ್ಲಿ ಒಂದು ಅಪಾಯವೂ ಇದೆ. "ಎಲ್ಲರೂ ಚೆನ್ನಾಗಿ ಮಾಡಿದಿರಿ" ಎಂಬುದು ತಪ್ಪಾಗಲಾರದು. "ಇದನ್ನು ಇವರು ಮಾಡಿದರು" ಎಂಬುದು ತಪ್ಪಾಗಬಹುದು. ಅವಳ ಎರಡನೆಯ ಕರಡಿನಲ್ಲಿ ಹಾಗೆಯೇ ಆಯಿತು.

ಗುರುವಾರ ಬೆಳಿಗ್ಗೆ ಶೇ. 10ರಷ್ಟು ಅಂಗಡಿಗಳು ಹೊಸ ಆವೃತ್ತಿಯಲ್ಲಿದ್ದಾಗ ಔಷಧದ ಹೆಸರು ಹುಡುಕಲು ಎಂಟು ಸೆಕೆಂಡ್ ಹಿಡಿಯುತ್ತಿತ್ತು. ಕೌಂಟರಿನ ಮುಂದೆ ಗಿರಾಕಿ ನಿಂತಿರುವಾಗ ಎಂಟು ಸೆಕೆಂಡ್ ಬಹಳ ದೊಡ್ಡದು. ಹೊಸ ಟೇಬಲ್‌ಗೆ ಇಂಡೆಕ್ಸ್ ಇರಲಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಇಂಡೆಕ್ಸ್ ಕಟ್ಟಿದರೆ, ಅದು ಮುಗಿಯುವವರೆಗೆ ಆ ಟೇಬಲ್‌ಗೆ ಏನನ್ನೂ ಬರೆಯಲಾಗದು. ಅಂದರೆ ಬಿಲ್ ಮಾಡುವುದೇ ನಿಲ್ಲುತ್ತದೆ. `CREATE INDEX CONCURRENTLY` ಎಂದು ಕೊಟ್ಟರೆ ಹೆಚ್ಚು ಹೊತ್ತು ಹಿಡಿದರೂ ಬಿಲ್ಲಿಂಗ್ ನಡೆಯುತ್ತಲೇ ಇರುತ್ತದೆ. ಆ ಕಮಾಂಡ್ ಓಡಿಸಿದವನು ತಂಡದ ಟೆಕ್ ಲೀಡ್. ಮ್ಯಾನೇಜರ್ ಅವನ ಹೆಸರನ್ನೇ ಬರೆದಳು.

ಕಳಿಸುವ ಮೊದಲು ಪ್ರತಿಯೊಬ್ಬರಿಗೂ ಅವರವರ ಸಾಲನ್ನಷ್ಟೇ ತೋರಿಸಿ, ಸರಿಯಿದೆಯೇ, ಎಲ್ಲರೆದುರು ಹೇಳಬಹುದೇ ಎಂದು ಕೇಳಿದಳು. ಟೆಕ್ ಲೀಡ್ ಕೂಡಲೇ ಉತ್ತರಿಸಿದ. ಓಡಿಸಿದ್ದು ತಾನು, ಆದರೆ ತಾನು ಸಾಮಾನ್ಯ ರೀತಿಯಲ್ಲೇ ಓಡಿಸಲು ಹೊರಟಿದ್ದೆ. ಫೋನ್ ಮಾಡಿ ತಡೆದವನು ಗುತ್ತಿಗೆಯ ಮೇಲೆ ಬರುವ ಡೇಟಾಬೇಸ್ ಹುಡುಗ. ಫೋನಿನ ಮಾತಿಗೆ ಚಾಟ್‌ನಲ್ಲಿ ದಾಖಲೆ ಇರಲಿಲ್ಲ. ಗುತ್ತಿಗೆಯವನಾದ್ದರಿಂದ ಆ ಹುಡುಗ ತಂಡದ ಮೇಲ್ ಪಟ್ಟಿಯಲ್ಲೂ ಇರಲಿಲ್ಲ. ಹಾಗೇ ಕಳಿಸಿದ್ದರೆ ಥ್ಯಾಂಕ್ಸ್ ಹೇಳಲು ಹೋಗಿ ಒಬ್ಬನಿಗೆ ಅನ್ಯಾಯ ಮಾಡಿದಂತಾಗುತ್ತಿತ್ತು. ಸಾಲು ತಿದ್ದಿದಳು, ಪಟ್ಟಿಗೆ ಹೆಸರು ಸೇರಿಸಿದಳು. ಟೆಕ್ ಲೀಡ್ ತಾನಾಗಿ ಹೇಳಿದ್ದಕ್ಕೂ ಒಂದು ಸಾಲು ಬರೆದಳು.

ಬೆಳಗಾವಿಯ ಕಡೆಯವನಾದ ಸಪೋರ್ಟ್ ಹುಡುಗನಿಗೆ ಸಾಲು ತೋರಿಸಿದಾಗ ಅವನು ನಾಚಿಕೊಂಡ. "ನಾ ಏನ್ ಮಾಡೇನ್ರಿ ಮೇಡಂ, ಬರೇ ಫೋನ್ ಎತ್ತೇನ್ರಿ." ಅವನು ಬರೇ ಫೋನ್ ಎತ್ತಿರಲಿಲ್ಲ. ಉಳಿದವರ ಟಿಪ್ಪಣಿಗಳಲ್ಲಿ "ಬಿಲ್ ಆಗುತ್ತಿಲ್ಲ" ಎಂದಷ್ಟೇ ಇದ್ದರೆ, ಅವನದರಲ್ಲಿ ಬಿಲ್ ನಂಬರ್, ಗಂಟೆ, ಒತ್ತಿದ ಗುಂಡಿ, ಪರದೆಯ ಮೇಲೆ ಬಂದ ಅಕ್ಷರಗಳು ಇದ್ದವು. ಪ್ರೋಗ್ರಾಮರ್‌ಗಳು ಅಂಗಡಿಗೆ ಮತ್ತೆ ಫೋನ್ ಮಾಡದೆ ದೋಷವನ್ನು ತಮ್ಮ ಯಂತ್ರದಲ್ಲೇ ತಂದುಕೊಳ್ಳಲು ಸಾಧ್ಯವಾದದ್ದು ಅವನ ಟಿಪ್ಪಣಿಗಳಿಂದ ಮಾತ್ರ.

ಒಂದು ಸಾಲು ಮಾತ್ರ ಆ ಮೇಲ್‌ಗೆ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗನೊಬ್ಬ ಶೇ. 10 ಎಂದು ಹಾಕುವಲ್ಲಿ 100 ಎಂದು ಹಾಕಿದ್ದ. ಎಲ್ಲ ಅಂಗಡಿಗಳೂ ಒಮ್ಮೆಲೇ ಹೊಸ ಆವೃತ್ತಿಗೆ ಜಿಗಿದವು. ನಾಲ್ಕನೆಯ ನಿಮಿಷಕ್ಕೆ ಅವನೇ ಗುಂಪಿನಲ್ಲಿ ಬರೆದಿದ್ದ: "100 ಹಾಕಿದ್ದು ನಾನು, ವಾಪಸ್ ತೆಗೆಯುತ್ತಿದ್ದೇನೆ." ಆ ನಾಲ್ಕು ನಿಮಿಷದ ಬಿಲ್‌ಗಳನ್ನು ಹುಡುಕಿ ಹಳೆಯ ಆವೃತ್ತಿಗೆ ಸೇರಿಸುವ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಅವನು ಹೆದರಿ ಸುಮ್ಮನಿದ್ದು, ಉಳಿದವರು ಕಾರಣ ಹುಡುಕುತ್ತ ಕೂತಿದ್ದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಎಲ್ಲರೆದುರು ಥ್ಯಾಂಕ್ಸ್ ಹೇಳಬಹುದೇ ಎಂದಾಗ ಅವನು ಬೇಡವೆಂದ. ಅವಳು ಅವನಿಗೊಬ್ಬನಿಗೇ ಬರೆದಳು. ತಪ್ಪನ್ನು ಮುಚ್ಚಿ ಸಿಹಿ ಮಾಡಲಿಲ್ಲ: 100 ಹಾಕಿದ್ದು ತಪ್ಪು, ಆ ಸಂಖ್ಯೆಯನ್ನು ಇನ್ನೊಬ್ಬರು ಒಪ್ಪದೆ ಬದಲಿಸಲಾಗದಂತೆ ಮಾಡುವುದು ತನ್ನ ಕೆಲಸ, ನಾಲ್ಕು ನಿಮಿಷದಲ್ಲಿ ಹೇಳಿದ್ದು ಮಾತ್ರ ಪೂರ್ತಿ ಅವನದು.

ಸಂಜೆ ಆರೂವರೆಗೆ ಮೇಲ್ ಹೋಯಿತು. ಅದರಲ್ಲಿ "ಹಗಲೂ ರಾತ್ರಿ ದುಡಿದಿದ್ದೀರಿ" ಎಂಬ ಮಾತನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ನಿದ್ದೆಗೆಟ್ಟದ್ದನ್ನು ಹೊಗಳಿದರೆ ಮುಂದಿನ ಸಲವೂ ನಿದ್ದೆಗೆಡಬೇಕು ಎಂದಂತೆ. ಅದರ ಬದಲು ಎರಡು ರಾತ್ರಿಗೆ ಎರಡು ದಿನದ ರಜೆ, ಯಾವ ದಿನವೆಂದು ಅವರವರೇ ಆರಿಸಿಕೊಳ್ಳಬಹುದು ಎಂದು ಬರೆದಳು. ಮುಂದಿನ ಕೆಲಸದ ಮಾತು ಒಂದೂ ಇರಲಿಲ್ಲ. ವಾರ್ಷಿಕ ಅಪ್ರೈಸಲ್ ಹೊತ್ತಿಗೆ ಮರೆತುಹೋಗದಿರಲೆಂದು ಪ್ರತಿಯೊಬ್ಬರ ಸಾಲನ್ನೂ ಅವರವರ ಕಡತದಲ್ಲಿ ತಾರೀಖು ಹಾಕಿ ಇಟ್ಟಳು.

ಸೋಮವಾರ ಪಿಜ್ಜಾ ಬಂತು. ಮಾರಾಟ ವಿಭಾಗದ ಮುಖ್ಯಸ್ಥರು ಕ್ಷಮೆಯನ್ನೇನೂ ಕೇಳಲಿಲ್ಲ. ತಟ್ಟೆ ಹಿಡಿದು ಟೆಸ್ಟಿಂಗ್ ಹುಡುಗಿಯ ಪಕ್ಕ ಬಂದು ನಿಂತು, ಮುಂದಿನ ಆವೃತ್ತಿಗೆ ತನ್ನ ಕಡೆಯ ಮೂರು ಅಂಗಡಿಗಳ ನಿಜವಾದ ದಾಸ್ತಾನು ಪಟ್ಟಿ ಕೊಟ್ಟರೆ ಉಪಯೋಗವಾದೀತೇ ಎಂದು ಕೇಳಿದರು. ಅವಳು ಐದು ಕೇಳಿದಳು.