ಯಾವ ಸಂಪುಟದ 54?

ಪಿಎಚ್.ಡಿ. ಮಹಾಪ್ರಬಂಧಗಳನ್ನು ಒಪ್ಪಿಸುವ ಕಾಲ ಬಂದಾಗ ಗ್ರಂಥಪಾಲಕರಿಗೂ ಡಿ.ಟಿ.ಪಿ. ಮಾಡುವವರಿಗೂ ಕೈತುಂಬ ಕೆಲಸ. ಆಗ ಒಂದು ಕೋರಿಕೆ ತಪ್ಪದೆ ಬರುತ್ತದೆ: "ಪ್ರಬಂಧವೆಲ್ಲ ಮುಗಿದಿದೆ ಸಾರ್, ಕೊನೆಗೆ ಹಾಕೋಕೆ ಪರಾಮರ್ಶನ ಗ್ರಂಥಗಳ ಪಟ್ಟಿ ಒಂದು ಮಾಡಿಕೊಡಿ." ಯಾವ ಯಾವ ಪುಸ್ತಕ ನೋಡಿದ್ದೀರಿ ಎಂದು ಕೇಳಿದರೆ ಎಲ್ಲ ಒಳಗಡೆ ಇದೆ ಎನ್ನುತ್ತಾರೆ. ಯಾವ ಕ್ರಮದಲ್ಲಿ ಬೇಕು ಎಂದರೆ ಎಲ್ಲರೂ ಹೇಗೆ ಹಾಕುತ್ತಾರೋ ಹಾಗೆ ಎನ್ನುತ್ತಾರೆ. ಕೇಳುವವರು ಸೋಮಾರಿಗಳೇನಲ್ಲ. ಪಟ್ಟಿ ಎನ್ನುವುದು ಬರವಣಿಗೆ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದಾದ ಟೈಪಿಂಗ್ ಕೆಲಸ ಎಂದು ಅವರು ನಂಬಿದ್ದಾರೆ, ಅಷ್ಟೆ. ಆ ನಂಬಿಕೆ ತಪ್ಪು. ಈ ಕೋರಿಕೆಯಲ್ಲಿ ಬಿಟ್ಟುಹೋದ ಎರಡು ಸಂಗತಿಗಳೂ ಒಂದೇ ತೂಕದವಲ್ಲ ಎಂಬುದೂ ತಿಳಿದಿರಬೇಕು. ಶೈಲಿ ಗೊತ್ತಿಲ್ಲದಿದ್ದರೆ ಕೆಲಸ ತಡವಾಗುತ್ತದೆ. ಆಕರವೇ ಗೊತ್ತಿಲ್ಲದಿದ್ದರೆ ಕೆಲಸ ಶುರುವಾಗುವುದೇ ಇಲ್ಲ.

ಶ್ರವಣಬೆಳಗೊಳದ ಶಾಸನಗಳನ್ನೇ ತೆಗೆದುಕೊಳ್ಳಿ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಜೈನ ಆಚಾರ್ಯರ ಪರಂಪರೆಯ ಬಗ್ಗೆ ಬರೆಯುವವರು ಇದನ್ನು ಬಿಡುವಂತಿಲ್ಲ. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಈ ಶಾಸನದ ಸಂಖ್ಯೆ 54. ಆರ್. ನರಸಿಂಹಾಚಾರ್ಯರು ಅದೇ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಹೊರತಂದಾಗ ಶಾಸನಗಳು 500 ಆದವು, ಕ್ರಮಸಂಖ್ಯೆಗಳು ಪಲ್ಲಟವಾದವು, ಮಲ್ಲಿಷೇಣ ಪ್ರಶಸ್ತಿ 67 ಆಯಿತು. ಗೊಂದಲವಾಗದಿರಲೆಂದು ಅವರು ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯದನ್ನೂ ಕಂಸದಲ್ಲಿ ಕೊಟ್ಟರು. ಮುಂದೆ 1973ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಇದೇ ಸಂಪುಟವನ್ನು ಇನ್ನಷ್ಟು ಶಾಸನಗಳೊಂದಿಗೆ ಮತ್ತೆ ಪರಿಷ್ಕರಿಸಿತು. ಈಗ ಮಹಾಪ್ರಬಂಧದ ಅಡಿಟಿಪ್ಪಣಿಯಲ್ಲಿ "ಎ.ಕ. 2, ಶ್ರ.ಬೆ. 54" ಎಂದಷ್ಟೇ ಇದೆ ಎನ್ನಿ. ಪಟ್ಟಿ ಮಾಡುವವರು ಯಾವ ವರ್ಷ ಹಾಕಬೇಕು? ಗ್ರಂಥಾಲಯದ ಕಪಾಟಿನಲ್ಲಿ ಸುಲಭವಾಗಿ ಸಿಗುವುದು 1973ರದ್ದು, ಅದನ್ನೇ ಹಾಕಿಬಿಡುತ್ತಾರೆ. ಓದುಗರು ಆ ಸಂಪುಟ ತೆರೆದು 54ನ್ನು ಹುಡುಕಿದರೆ ಅಲ್ಲಿರುವುದು ಬೇರೊಂದು ಶಾಸನ. ಪ್ರಬಂಧಕಾರರ ವಾದ ಸರಿಯಾಗಿಯೇ ಇರಬಹುದು, ಆದರೆ ಅದಕ್ಕೆ ಕೊಟ್ಟ ಸಾಕ್ಷಿ ಹೇಳಿದ ಜಾಗದಲ್ಲಿ ಸಿಗುವುದಿಲ್ಲ. ಟೈಪಿಂಗಿನಲ್ಲಿ ಒಂದಕ್ಷರವೂ ತಪ್ಪಿಲ್ಲ, ಅಲ್ಪವಿರಾಮಗಳೆಲ್ಲ ಸ್ವಸ್ಥಾನದಲ್ಲಿವೆ, ಆದರೂ ಪಟ್ಟಿ ಸುಳ್ಳು.

ವಿಷಯ ಬಲ್ಲವರಿಗೆ ಪ್ರಬಂಧ ಓದಿದರೆ ಆಕರ ಯಾವುದೆಂದು ಹೊಳೆಯುವುದಿಲ್ಲವೇ ಎಂದು ಕೇಳಬಹುದು. ಕೆಲವೊಮ್ಮೆ ಹೊಳೆಯುತ್ತದೆ. "ಅನಂತಮೂರ್ತಿ 1976" ಎಂದಿದ್ದರೆ ಅದು ಎ.ಕೆ. ರಾಮಾನುಜನ್ ಮಾಡಿದ 'ಸಂಸ್ಕಾರ'ದ ಇಂಗ್ಲಿಷ್ ಅನುವಾದ ಇರಬೇಕು ಎಂದು ಸಾಹಿತ್ಯ ಓದಿಕೊಂಡವರು ಊಹಿಸಬಲ್ಲರು. ಆದರೆ "ಅನಂತಮೂರ್ತಿ 1965, ಪುಟ 40" ಎಂದಿದ್ದರೆ? 1965 ಕಾದಂಬರಿ ಮೊದಲು ಬಂದ ವರ್ಷ. ಪ್ರಬಂಧಕಾರರ ಮೇಜಿನ ಮೇಲಿದ್ದದ್ದು ಎಷ್ಟೋ ವರ್ಷಗಳ ನಂತರದ ಮರುಮುದ್ರಣ ಆಗಿರುವ ಸಂಭವವೇ ಹೆಚ್ಚು. ಅಚ್ಚುಮೊಳೆ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ. ಇದನ್ನು ತೀರ್ಮಾನಿಸಲು ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡುವುದೊಂದೇ ದಾರಿ. ಮೊದಲ ಮುದ್ರಣ, ಮರುಮುದ್ರಣ, ಪರಿಷ್ಕೃತ ಆವೃತ್ತಿ, ಪ್ರಕಾಶಕರು ಎಲ್ಲ ಸಾಮಾನ್ಯವಾಗಿ ಅಲ್ಲಿಯೇ ಅಚ್ಚಾಗಿರುತ್ತವೆ. ಆ ಪುಟ ನೋಡದೆ ಮಾಡಿದ ಊಹೆ ಎಷ್ಟೇ ಜಾಣತನದ್ದಾದರೂ, ಪ್ರಬಂಧಕಾರರು ಕೈಯಲ್ಲಿ ಹಿಡಿಯದ ಪುಸ್ತಕವನ್ನು ಅವರ ಹೆಸರಿನಲ್ಲಿ ಸಾಕ್ಷಿಗೆ ಕರೆದಂತೆ. ಪರೀಕ್ಷಕರು ಇದನ್ನು ಬೇಗ ಗುರುತಿಸುತ್ತಾರೆ. ಒಳಗೆ ಎಲ್ಲಿಯೂ ಬಾರದ ಪುಸ್ತಕಗಳು ಪಟ್ಟಿಯಲ್ಲಿರುತ್ತವೆ, ಒಳಗೆ ಮೂರು ಸಲ ಬಂದದ್ದು ಪಟ್ಟಿಯಲ್ಲಿರುವುದಿಲ್ಲ. ಒಳಗೊಂದು ವರ್ಷ, ಪಟ್ಟಿಯಲ್ಲೊಂದು ವರ್ಷ ಕಾಣುತ್ತದೆ.

ಇನ್ನು ಶೈಲಿಯ ಮಾತು. ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ ಎಂಬಷ್ಟೇ ಇದ್ದಿದ್ದರೆ ಇದಕ್ಕೆ ಒಂದು ಸಾಲು ಸಾಕಿತ್ತು. ಮೇಲೆ ಹೇಳಿದ ಅನುವಾದವನ್ನು ಎಪಿಎ ಕ್ರಮದಲ್ಲಿ ಬರೆದರೆ ಅನಂತಮೂರ್ತಿ, ಯು. ಆರ್. ಎಂದಾದ ಕೂಡಲೇ ಕಂಸದಲ್ಲಿ 1976 ಬರುತ್ತದೆ, ಮೂಲ ಕೃತಿ 1965ರದ್ದು ಎಂಬುದು ಕೊನೆಗೆ ಬರುತ್ತದೆ. ಎಂಎಲ್‌ಎ ಕ್ರಮದಲ್ಲಿ ವರ್ಷ ಕೊನೆಗೆ ಸರಿಯುತ್ತದೆ. ವೈದ್ಯಕೀಯದವರು ಬಳಸುವ ವ್ಯಾಂಕೂವರ್ ಕ್ರಮದಲ್ಲಿ ಅಕಾರಾದಿಯೇ ಇಲ್ಲ; ಒಳಗೆ ಮೊದಲು ಬಂದದ್ದಕ್ಕೆ ಒಂದನೆಯ ಸಂಖ್ಯೆ. ಇವೆಲ್ಲ ಸಣ್ಣವು. ಪಟ್ಟಿಗೆ ಏನು ಸೇರಬೇಕು ಎಂಬುದನ್ನೂ ಶೈಲಿಯೇ ನಿರ್ಧರಿಸುತ್ತದೆ ಎಂಬುದು ದೊಡ್ಡ ಸಂಗತಿ. ಜಾನಪದದ ವಿದ್ಯಾರ್ಥಿಯೊಬ್ಬರು ಹತ್ತಾರು ವಕ್ತೃಗಳನ್ನು ಖುದ್ದಾಗಿ ಸಂದರ್ಶಿಸಿದ್ದಾರೆ ಎನ್ನಿ. ಎಂಎಲ್‌ಎ ಪ್ರಕಾರ ಅಂಥ ಸಂದರ್ಶನಗಳಿಗೆ ಪಟ್ಟಿಯಲ್ಲಿ ಜಾಗ ಉಂಟು. ಎಪಿಎ ಪ್ರಕಾರ ಇಲ್ಲ. ಓದುಗರು ಮತ್ತೆ ಹೋಗಿ ನೋಡಲಾಗದ್ದು ಪಟ್ಟಿಗೆ ಸೇರಬಾರದು ಎಂಬುದು ಅದರ ತರ್ಕ. ಹಾಗೆಯೇ ಎಪಿಎ ಪಟ್ಟಿಯಲ್ಲಿ ಒಳಗೆ ಉಲ್ಲೇಖಿಸಿದವು ಮಾತ್ರ ಇರಬೇಕು, ನೋಡಿ ಬಿಟ್ಟದ್ದಕ್ಕೆ ಅವಕಾಶವಿಲ್ಲ. ನಮ್ಮ ಹೆಸರುಗಳದ್ದು ಇನ್ನೊಂದು ತೊಡಕು. ಬೇಂದ್ರೆ ಮನೆತನದ ಹೆಸರು, ಡಿ.ವಿ. ಗುಂಡಪ್ಪನವರಲ್ಲಿ ಗುಂಡಪ್ಪ ಅವರದೇ ಹೆಸರು, ಕುವೆಂಪು ಕಾವ್ಯನಾಮ. ದ.ರಾ. ಬೇಂದ್ರೆಯವರು 'ದ' ಅಡಿಯಲ್ಲೋ 'ಬ' ಅಡಿಯಲ್ಲೋ ಎಂಬುದಕ್ಕೆ ಕನ್ನಡ ಪುಸ್ತಕಗಳಲ್ಲಿ ಎರಡೂ ರೂಢಿಗಳಿವೆ. ಯಾವುದನ್ನಾದರೂ ಹಿಡಿಯಬಹುದು, ಆದರೆ ಒಂದೇ ಪಟ್ಟಿಯಲ್ಲಿ ಎರಡನ್ನೂ ಹಿಡಿಯಬಾರದು. ಆ ತೀರ್ಮಾನ ಪ್ರಬಂಧಕಾರರದ್ದೂ ಅವರ ಮಾರ್ಗದರ್ಶಕರದ್ದೂ ಹೊರತು ಟೈಪು ಮಾಡುವವರದ್ದಲ್ಲ.

ಝೊಟೆರೊದಂಥ ತಂತ್ರಾಂಶವಿದ್ದರೆ ಶೈಲಿಯನ್ನು ಒಂದು ಕ್ಲಿಕ್ಕಿಗೆ ಬದಲಿಸಬಹುದಲ್ಲ ಎಂಬ ಮಾತು ನಿಜ. ಶೈಲಿಯ ಕೊರತೆ ಎರಡನೆಯ ದರ್ಜೆಯದು ಎಂದದ್ದೂ ಅದಕ್ಕಾಗಿಯೇ. ಆದರೆ ತಂತ್ರಾಂಶ ತನಗೆ ಕೊಟ್ಟ ವಿವರಗಳನ್ನು ಜೋಡಿಸುತ್ತದೆ, ಕೊಡದಿದ್ದುದನ್ನು ಕಪಾಟಿನಿಂದ ತರುವುದಿಲ್ಲ. ಎಪಿಎಯ ಈಗಿನ ಏಳನೆಯ ಆವೃತ್ತಿ ಪ್ರಕಟಣೆಯ ಊರನ್ನು ಕೇಳುವುದಿಲ್ಲ. ಅದನ್ನು ನಂಬಿ ಊರು ಬರೆದಿಟ್ಟುಕೊಳ್ಳದವರಿಗೆ, ವಿಶ್ವವಿದ್ಯಾಲಯ ಕೊನೆಗಳಿಗೆಯಲ್ಲಿ ಊರು ಬೇಕೆಂದರೆ ಪುಸ್ತಕಗಳನ್ನೆಲ್ಲ ಮತ್ತೆ ಹುಡುಕುವ ಪಾಡು. ಸಂಕಲನದೊಳಗಿನ ಲೇಖನಕ್ಕೆ ಸಂಪಾದಕರ ಹೆಸರು, ಲೇಖನದ ಮೊದಲ ಮತ್ತು ಕೊನೆಯ ಪುಟ ಬೇಕಾಗುತ್ತವೆ. ಹೆಚ್ಚು ಬಿಟ್ಟುಹೋಗುವವೂ ಇವೇ. ಹಾಗಾಗಿ ಶೈಲಿ ಇನ್ನೂ ಗೊತ್ತಿಲ್ಲದವರು ವಿವರಗಳನ್ನು ಹೆಚ್ಚಾಗಿಯೇ ಬರೆದಿಟ್ಟುಕೊಳ್ಳಬೇಕು. ಬೇಡದ್ದನ್ನು ಆಮೇಲೆ ತೆಗೆಯಬಹುದು.

ಬೇರೆಯವರಿಂದ ಪಟ್ಟಿ ಮಾಡಿಸಬಾರದು ಎಂದು ಇದರರ್ಥವಲ್ಲ. ಕಣ್ಣು ಮಂಜಾದ ಹಿರಿಯರೂ ಕೆಲಸದ ನಡುವೆ ಓದುವ ಅಧ್ಯಾಪಕರೂ ಮಾಡಿಸಲಿ, ಧಾರಾಳವಾಗಿ. ಕೊಡುವಾಗ ಮಾತ್ರ ಪ್ರತಿ ಪುಸ್ತಕದ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ಮೊಬೈಲಿನಲ್ಲಿ ತೆಗೆದು ಕಳಿಸಿ. ಲೇಖನವಾದರೆ ಅದರ ಮೊದಲ ಪುಟ, ಕೊನೆಯ ಪುಟ ಎರಡೂ ಇರಲಿ. ಶಾಸನವಾದರೆ ಸಂಪುಟದ ಜೊತೆ ಪರಿಷ್ಕರಣದ ವರ್ಷವನ್ನೂ ಹೇಳಿ. ನಿಮ್ಮ ವಿಭಾಗ ಒಪ್ಪುವ ಶೈಲಿ ಯಾವುದೆಂದು ಮಾರ್ಗದರ್ಶಕರನ್ನು ಕೇಳಿ, ಅದರ ಹೆಸರನ್ನೂ ಎಷ್ಟನೆಯ ಆವೃತ್ತಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.