ಮೂರೂವರೆ ಗಂಟೆ ಹಿಂದೆ

ಪ್ರೀತಿಯ ಗೆಳತಿ,

ಹೋದ ವಾರ ನಾನು ಬಾಸೆಲ್‌ಗೆ ಹೋಗುವ ವಿಷಯ ಹೇಳಿದಾಗ ನೀನು "ಛಲೋ ಆತ್ ಬಿಡು, ಹೋಗಿ ಬಾ" ಅಂದು, ಮರುಗಳಿಗೆಯಲ್ಲೇ ನಿನ್ನ ಕಾಲೇಜಿನ ಇಂಟರ್ನಲ್ಸ್ ಮಾರ್ಕ್ಸಿನ ಮಾತಿಗೆ ಹೊರಳಿದೆ. ಹದಿನಾರು ವರ್ಷದಿಂದ ನಿನ್ನನ್ನು ನೋಡುತ್ತಿದ್ದೇನೆ. ನಿನಗೆ ನಿಜವಾಗಿ ಸಂತೋಷವಾದರೆ ನೀನು "ಛಲೋ ಆತು" ಅನ್ನುವುದಿಲ್ಲ, ಬೈತೀ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಾತಿನಲ್ಲಿ ನೀನು ತಪ್ಪಿಸಿಕೊಳ್ಳುತ್ತೀಯ, ಕಾಗದದಲ್ಲಿ ಆಗುವುದಿಲ್ಲ.

ಮೊದಲು ಯಾಕೆ ಹೋಗುತ್ತಿದ್ದೇನೆ ಅನ್ನುವುದು. ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಊರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಅಷ್ಟು ಹೇಳಿದರೆ ಅವರಿಗೆ ಸಾಕು. ನಿನಗೆ ಸಾಲದು. ನನ್ನ ಸಂಶೋಧನೆ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರ, ಕರಡು ತಿದ್ದಿದ ಮುನ್ಷಿಗಳ ಬಗ್ಗೆ ಅನ್ನುವುದು ನಿನಗೆ ಗೊತ್ತು. 1841ರಲ್ಲಿ ಶುರುವಾದ ಆ ಮುದ್ರಣಾಲಯದ ಬಗ್ಗೆ ಬರೆದವರೆಲ್ಲ ಮೋಗ್ಲಿಂಗ್, ಕಿಟೆಲ್ ಹೆಸರನ್ನು ಬರೆದಿದ್ದಾರೆ. ಕನ್ನಡ ಅಕ್ಷರವನ್ನು ತಲೆಕೆಳಗಾಗಿ ಓದಬಲ್ಲ ಆ ಕೆಲಸಗಾರರ ಹೆಸರು ಬರುವುದು ಮಿಷನರಿಗಳು ಬಾಸೆಲ್‌ಗೆ ಬರೆದ ಪತ್ರಗಳಲ್ಲಿ, ಅದೂ ಬೇರೆ ಯಾವುದೋ ವಿಷಯದ ನಡುವೆ ಅರ್ಧ ಸಾಲಿನಲ್ಲಿ. ಒಬ್ಬನಿಗೆ ಜ್ವರ ಬಂದು ಪುಸ್ತಕ ತಡವಾಯಿತು ಅಂತಲೋ, ಇನ್ನೊಬ್ಬ ಹೇಳದೆ ಕೆಲಸ ಬಿಟ್ಟ ಅಂತಲೋ. ಅಂಥ ಅರ್ಧ ಸಾಲುಗಳನ್ನು ಹುಡುಕಬೇಕಾದರೆ ಪೆಟ್ಟಿಗೆ ಪೆಟ್ಟಿಗೆ ಕಾಗದವನ್ನು ಓದಬೇಕು. ಆ ಸಂಗ್ರಹಾಲಯದ ಹಳೆಯ ಫೋಟೋಗಳನ್ನು ನಾವಿಬ್ಬರೂ ನಿನ್ನ ಲ್ಯಾಪ್‌ಟಾಪಿನಲ್ಲಿ ನೋಡಿದ್ದೇವಲ್ಲ. ನನಗೆ ಬೇಕಾದ ಕೈಬರಹದ ಪತ್ರಗಳು ಹಾಗೆ ಸಿಗುವುದಿಲ್ಲ, ಅಲ್ಲೇ ಕೂತು ಓದಬೇಕು.

ಅದೂ ಸುಲಭದ ಓದಲ್ಲ. ಅವರು ಬರೆಯುತ್ತಿದ್ದದ್ದು ಕುರೆಂಟ್ ಅನ್ನುವ ಹಳೆಯ ಜರ್ಮನ್ ಕೈಬರಹದಲ್ಲಿ. ಅದರ 'ಇ' ಅಕ್ಷರ ನೋಡಲು 'ಎನ್' ಥರ ಇರುತ್ತದೆ, 'ಯು' ಕೂಡ 'ಎನ್' ಥರವೇ. ಗುರುತು ಸಿಗಲೆಂದು 'ಯು' ಮೇಲೆ ಒಂದು ಸಣ್ಣ ಕಮಾನು ಹಾಕುತ್ತಿದ್ದರು, ಅವಸರದಲ್ಲಿದ್ದರೆ ಅದನ್ನೂ ಬಿಡುತ್ತಿದ್ದರು. ಎರಡು ವರ್ಷದಿಂದ ಕಲಿಯುತ್ತಿದ್ದೇನೆ, ಇವತ್ತಿಗೂ ಒಂದು ಪುಟಕ್ಕೆ ಅರ್ಧ ದಿನ ಬೇಕು. ಆರು ವಾರದ ಪ್ರವಾಸದಲ್ಲಿ ಮುಗಿಯುವ ಕೆಲಸವಲ್ಲ ಇದು. ಅಲ್ಲಿನ ವಿಶ್ವವಿದ್ಯಾಲಯ ಮೂರು ವರ್ಷದ ಹುದ್ದೆ ಕೊಟ್ಟಿದೆ, ಸಂಬಳದ ಸಮೇತ. ಇಲ್ಲಿ ನನ್ನ ಫೆಲೋಶಿಪ್ ಎಷ್ಟು ತಿಂಗಳಿಗೊಮ್ಮೆ ಬರುತ್ತಿತ್ತು, ಆ ನಡುವಿನ ತಿಂಗಳುಗಳಲ್ಲಿ ನನ್ನ ಮೆಸ್ ಬಿಲ್ ಯಾರು ಕಟ್ಟಿದರು ಅನ್ನುವುದನ್ನು ನಿನಗೆ ನೆನಪಿಸಬೇಕಾಗಿಲ್ಲ.

ಇನ್ನು ನಮ್ಮಿಬ್ಬರ ವಿಷಯ. "ಏನೂ ಬದಲಾಗೂದಿಲ್ಲ, ವಾಟ್ಸಾಪ್ ಐತಲ್ಲ" ಅಂತ ನಿಮ್ಮವ್ವ ಹೇಳಿದರು. ಬದಲಾಗುತ್ತದೆ. ಹೇಗೆ ಅಂತ ಲೆಕ್ಕ ಹಾಕಿ ನೋಡಿದ್ದೇನೆ, ಸಂಶೋಧಕಿಯ ಹಾಳು ಚಾಳಿ.

ರಾಬರ್ಟ್ಸ್ ಮತ್ತು ಡನ್‌ಬಾರ್ ಅನ್ನುವ ಇಬ್ಬರು ಬ್ರಿಟನ್ನಿನಲ್ಲಿ ಶಾಲೆ ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೋದ 30 ಹುಡುಗ ಹುಡುಗಿಯರನ್ನು 18 ತಿಂಗಳು ಹಿಂಬಾಲಿಸಿ ಒಂದು ಅಧ್ಯಯನ ಮಾಡಿದ್ದರು. ಸಂಪರ್ಕ ಕಡಿಮೆಯಾದರೂ ಬಂಧುಗಳ ಜೊತೆಗಿನ ಆಪ್ತತೆ ಹೆಚ್ಚು ಕುಗ್ಗಲಿಲ್ಲ, ಗೆಳೆತನ ಮಾತ್ರ ಬೇಗ ಸಡಿಲವಾಯಿತು. ಹುಡುಗಿಯರ ಗೆಳೆತನವನ್ನು ಉಳಿಸಿದ್ದು ಮಾತು; ಹುಡುಗರದ್ದನ್ನು ಉಳಿಸಿದ್ದು ಜೊತೆಗೂಡಿ ಏನಾದರೂ ಮಾಡುವುದು. ಮೂವತ್ತೇ ಜನರ ಅಧ್ಯಯನ, ಬೇರೆ ದೇಶದ್ದು, ಅದನ್ನು ಶಾಸ್ತ್ರವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ಓದಿದಾಗ ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಆ ಲೆಕ್ಕದಲ್ಲಿ ನಾವು ಹುಡುಗರ ಸಾಲಿಗೆ ಸೇರುತ್ತೇವೆ ಕಣೆ! ನಾವು ಎದುರುಬದುರು ಕೂತು ಮನಸ್ಸು ಬಿಚ್ಚಿ ಮಾತಾಡಿದ್ದು ಎಷ್ಟು ಸಲ? ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವಾಗ, ಸಾಧನಕೇರಿ ಸುತ್ತುವಾಗ, ನಿಮ್ಮ ಮನೆಯಲ್ಲಿ ಶೇಂಗಾ ಬಿಡಿಸುವಾಗ ಆಡಿದ ಮಾತುಗಳೇ ಎಲ್ಲ. ನಿನ್ನ ಅಪ್ಪ ಹೋದ ವರ್ಷ ನೀನು ನನ್ನ ಮುಂದೆ ಅತ್ತದ್ದು ಒಮ್ಮೆ ಮಾತ್ರ, ಅದೂ ಸುಭಾಷ್ ರಸ್ತೆಯಲ್ಲಿ ಛತ್ರಿ ರಿಪೇರಿಗೆ ಕೊಟ್ಟು ಕಾಯುತ್ತಿದ್ದಾಗ. ಕೈಗೆ ಕೆಲಸವಿದ್ದರೆ ನಮ್ಮ ಬಾಯಿ ಬಿಡುತ್ತದೆ. ಫೋನ್ ಹಿಡಿದು "ಮತ್ತ, ಏನ್ ಸುದ್ದಿ?" ಅಂತ ಕೇಳಿದರೆ ಇಬ್ಬರಿಗೂ ಸುದ್ದಿ ಇರುವುದಿಲ್ಲ.

ಇನ್ನೊಂದು ತೊಡಕು. ಇವತ್ತು ನೀನು "ಆ ಕಾಕಾ ಇವತ್ತ ಮತ್ತ ಹಂಗ ಮಾಡಿದ" ಅಂದರೆ ನನಗೆ ಪೂರ್ತಿ ಚಿತ್ರ ಸಿಗುತ್ತದೆ: ಗಿರಮಿಟ್ ಅಂಗಡಿ ಕಾಕಾ, ಹತ್ತು ರೂಪಾಯಿ ಚಿಲ್ಲರೆ, ಅವನ ಸಿಡಿಮಿಡಿ. ಅಲ್ಲಿಗೆ ಹೋದ ಮೇಲೆ ನನ್ನ ಪ್ರತಿ ಮಾತಿಗೂ ಅಡಿಟಿಪ್ಪಣಿ ಬೇಕಾಗುತ್ತದೆ. ನನ್ನ ಜೊತೆ ಕೂರುವವರು ಯಾರು, ಅವರು ಹಾಗೆ ಅಂದದ್ದು ಯಾಕೆ ತಮಾಷೆ, ಊರೊಳಗಿನ ಟ್ರಾಮೇ ಗಡಿ ದಾಟಿ ಜರ್ಮನಿಗೆ ಹೇಗೆ ಹೋಗುತ್ತದೆ. ಮೊದಲ ಎರಡು ತಿಂಗಳು ಉಮೇದಿನಲ್ಲಿ ಎಲ್ಲವನ್ನೂ ವಿವರಿಸುತ್ತೇನೆ. ಆಮೇಲೆ ಒಂದು ಸಂಜೆ ಸುಸ್ತಾಗಿ "ಬಿಡು, ಉದ್ದ ಕತಿ" ಅನ್ನುತ್ತೇನೆ. ನನ್ನ ಸೀನಿಯರ್ ಒಬ್ಬರು ಜರ್ಮನಿಗೆ ಹೋದ ಮೇಲೆ ಅವರ ಗೆಳತಿಯ ಜೊತೆ ಜಗಳವೇನೂ ಆಗಲಿಲ್ಲ. "ಉದ್ದ ಕತಿ" ಅನ್ನುವುದು ಹೆಚ್ಚಾಗುತ್ತ ಹೋಯಿತು, ಅಷ್ಟೇ. ಈಗ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಕಳಿಸಿಕೊಳ್ಳುತ್ತಾರೆ. ಆ ಮಾತು ನನ್ನ ಬಾಯಲ್ಲಿ ಬಂದರೆ ಬಿಡಬೇಡ. ಉದ್ದ ಕಥೆಯನ್ನೇ ಹೇಳು ಅನ್ನು.

ನಾನು ಓದುತ್ತಿರುವ ಪತ್ರಗಳ ಕಾಲದಲ್ಲಿ ಈ ತೊಡಕು ಇರಲಿಲ್ಲ, ಬೇರೆಯದಿತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಮಂಗಳೂರಿನಿಂದಲೋ ಧಾರವಾಡದಿಂದಲೋ ಬರೆದ ಕಾಗದಕ್ಕೆ ಉತ್ತರ ಬರಲು ತಿಂಗಳುಗಳೇ ಬೇಕಿತ್ತು. ಅಷ್ಟು ಹೊತ್ತಿಗೆ ಕೇಳಿದ ಪ್ರಶ್ನೆ ಹಳಸಿರುತ್ತದೆ ಅನ್ನುವುದು ಬರೆಯುವವನಿಗೆ ಗೊತ್ತು. ಆದ್ದರಿಂದ ನಾನು ನೋಡಿದ ಕಾಗದಗಳಲ್ಲಿ ಮಳೆ, ಅಕ್ಕಿಯ ಬೆಲೆ, ಪಕ್ಕದ ಮನೆಯವನ ಜಗಳ ಎಲ್ಲವೂ ಮೊದಲಿನಿಂದ ಕೊನೆಯವರೆಗೆ ಬರುತ್ತದೆ. ನಮ್ಮದು ತದ್ವಿರುದ್ಧ. ಸುದ್ದಿ ಆ ಕ್ಷಣವೇ ತಲುಪುತ್ತದೆ, ತುಂಡು ತುಂಡಾಗಿ. ನೀನು ಕಳಿಸಿದ ನಗುವ ಮುಖದ ಹಿಂದೆ ಏನಿದೆ ಅಂತ ನಾನು ಊಹಿಸಬೇಕು. ಹಾಗಾಗಿ ನನ್ನದೊಂದು ಬೇಡಿಕೆ: ದಿನಾ ಗುಡ್ ಮಾರ್ನಿಂಗ್ ಬೇಡ. ತಿಂಗಳಿಗೊಂದು ಉದ್ದನೆಯ ಕಾಗದ ಬರೆ, ಇಮೇಲ್ ಆದರೂ ಸರಿ. ವಾರಕ್ಕೊಮ್ಮೆ ಫೋನು, ಅದೂ ಇಬ್ಬರೂ ಏನಾದರೂ ಕೆಲಸ ಮಾಡುತ್ತ. ನೀನು ಪೇಪರ್ ತಿದ್ದು, ನಾನು ಪಲ್ಯಕ್ಕೆ ಹೆಚ್ಚುತ್ತೇನೆ. ಹತ್ತು ನಿಮಿಷ ಯಾರೂ ಮಾತಾಡದಿದ್ದರೂ ಇಡಬೇಡ.

ವೇಳೆಯ ಲೆಕ್ಕವನ್ನೂ ಬರೆದುಬಿಡುತ್ತೇನೆ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ನಾಲ್ಕೂವರೆ. ಮಾರ್ಚಿನ ಕೊನೆಯ ಭಾನುವಾರ ಮತ್ತೆ ಮೂರೂವರೆ. ನಿಮ್ಮವ್ವನಿಗೆ ಊಟ, ಗುಳಿಗೆ ಕೊಟ್ಟು ನೀನು ಬಿಡುವಾಗುವ ರಾತ್ರಿ ಒಂಬತ್ತೂವರೆ ಅಂದರೆ ನನಗೆ ಬೇಸಿಗೆಯಲ್ಲಿ ಸಂಜೆ ಆರು, ಚಳಿಗಾಲದಲ್ಲಿ ಐದು. ಗಡಿಯಾರ ಬದಲಾಗುವುದು ನನ್ನ ಕಡೆ, ಹೊಂದಿಸಿಕೊಳ್ಳುವುದೂ ನನ್ನ ಕೆಲಸ. ನಿನ್ನ ಒಂಬತ್ತೂವರೆ ಒಂಬತ್ತೂವರೆಯೇ ಇರಲಿ.

ಈಗ ಬರೆಯಲು ಕಷ್ಟವಾದದ್ದು. ಹೊರದೇಶಕ್ಕೆ ಹೋದವರು ಊರಲ್ಲುಳಿದ ಗೆಳತಿಯನ್ನು ನಿಧಾನಕ್ಕೆ ಏಜೆಂಟಳನ್ನಾಗಿ ಮಾಡಿಕೊಳ್ಳುತ್ತಾರೆ. ಯೂನಿವರ್ಸಿಟಿಗೆ ಹೋಗಿ ಟ್ರಾನ್‌ಸ್ಕ್ರಿಪ್ಟ್ ಅರ್ಜಿ ಹಾಕು, ಲಕೋಟೆಗೆ ಸೀಲು ಒತ್ತಿಸು, ಬ್ಯಾಂಕಿನವರು ಏನೋ ಕೇಳುತ್ತಿದ್ದಾರೆ ನೋಡು, ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಒಂದೊಂದೂ ಸಣ್ಣದು. ಎರಡು ವರ್ಷ ಕಳೆದರೆ ಫೋನಿನಲ್ಲಿ ಆ ಹೆಸರು ಕಂಡೊಡನೆ "ಈಗ ಏನ್ ಕೆಲಸ ಹಚ್ಚತಾಳೋ" ಅನ್ನಿಸುತ್ತದೆ. ಅದಕ್ಕೆ ಟ್ರಾನ್‌ಸ್ಕ್ರಿಪ್ಟ್ ಈಗಲೇ ಆರು ಪ್ರತಿ ತೆಗೆಸಿದ್ದೇನೆ. ಓಟಿಪಿಗೆಂದು ನನ್ನ ಇಲ್ಲಿಯ ಸಿಮ್ಮನ್ನು ರೋಮಿಂಗಿನಲ್ಲಿಟ್ಟು ಜೊತೆಗೇ ಒಯ್ಯುತ್ತೇನೆ. ಅಪ್ಪ ಅವ್ವನ ಆಸ್ಪತ್ರೆಗೆ ಗದಗಿನ ಚಿಕ್ಕಪ್ಪನ ಮಗ ಒಪ್ಪಿದ್ದಾನೆ. ಅವ್ವನ ಫೋನಿನಲ್ಲಿ ನಿನ್ನ ನಂಬರು ಇದೆ, ಅಳಿಸಿಲ್ಲ. ಆದರೆ ಅದು ಅವಳಿಗೆ ಹೋಳಿಗೆ ಮಾಡಿದಾಗ ನಿನ್ನನ್ನು ಕರೆಯಲಿಕ್ಕೆ.

ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಾವಿಬ್ಬರೂ ಒಂದೇ ದಿನ ಪಿಎಚ್‌ಡಿ ಪ್ರವೇಶ ಪರೀಕ್ಷೆ ಬರೆದೆವು. ನಿನ್ನ ಅಂಕ ನನಗಿಂತ ಹೆಚ್ಚಿತ್ತು. ಅಪ್ಪ ಹೋದ ಮೇಲೆ ನೀನು ಅತಿಥಿ ಉಪನ್ಯಾಸಕಿಯಾದೆ. ಪ್ರತಿ ವರ್ಷವೂ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಕೆಲಸ ಉಳಿಯುತ್ತದೋ ಇಲ್ಲವೋ ಅನ್ನುವ ಲೆಕ್ಕಾಚಾರ. ಈ ಮಾತನ್ನು ನಾವು ಎಂದೂ ಎತ್ತಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ನಿಂತಾಗ ಎತ್ತುವ ಅಗತ್ಯವೂ ಬೀಳಲಿಲ್ಲ. ದೂರ ಹೋದ ಮೇಲೆ ಅದು ಬೇರೆ ದಾರಿಯಲ್ಲಿ ಬರುತ್ತದೆ. ಅಲ್ಲಿ ಒಂದು ಕಾಫಿಗೆ ನಾಲ್ಕೈದು ಫ್ರಾಂಕ್, ನಮ್ಮ ನಾನೂರು ಐನೂರು ರೂಪಾಯಿ. ನಿನಗೆ ಬೇಸರವಾದೀತು ಅಂತ ನಾನು ಕಾಫಿ ಕುಡಿದದ್ದನ್ನು ಹೇಳುವುದಿಲ್ಲ. ನನಗೆ ಮುಜುಗರವಾದೀತು ಅಂತ ನೀನು ಸಂಬಳ ತಡವಾದದ್ದನ್ನು ಹೇಳುವುದಿಲ್ಲ. ಹೀಗೆ ಇಬ್ಬರೂ ಒಳ್ಳೆಯವರಾಗುತ್ತ ಹೋದರೆ ಕೊನೆಗೆ ಮಾತಾಡಲು ಹವಾಮಾನವೊಂದೇ ಉಳಿಯುತ್ತದೆ. ಅದರ ಬದಲು ನಿನಗೆ ಹೊಟ್ಟೆ ಉರಿದ ದಿನ "ಇವತ್ತ ನಿನ್ನ ಸುದ್ದಿ ಬ್ಯಾಡ" ಅಂದುಬಿಡು. ನನಗೆ ನೋವಾಗುತ್ತದೆ. ಆಗಲಿ. ಮರುವಾರ ಒಂಬತ್ತೂವರೆಗೆ ಫೋನ್ ಮಾಡುತ್ತೇನೆ.

ನಿನಗೆ ಇಲ್ಲಿ ಇನ್ನೊಬ್ಬ ಹತ್ತಿರದ ಗೆಳತಿ ಸಿಗುತ್ತಾಳೆ, ಸಿಗಬೇಕು ಕೂಡ. ರಾತ್ರಿ ನಿಮ್ಮವ್ವನಿಗೆ ಉಸಿರಾಟದ ತೊಂದರೆಯಾದರೆ ಸ್ಕೂಟಿ ತೆಗೆದುಕೊಂಡು ಬರುವವಳು ಬೇಕಲ್ಲ, ನಾನಂತೂ ಬರಲಾರೆ. ಅವಳ ಬಗ್ಗೆ ನನಗೆ ಹೇಳು. ತುಂಬ ಹೊಗಳಬೇಡ.

ಪುಸ್ತಕಗಳ ವಿಷಯ: ಎರಡು ರಟ್ಟಿನ ಡಬ್ಬಿ ನಿಮ್ಮ ಮನೆಗೆ ತರುತ್ತೇನೆ. ಕಿಟೆಲ್ ನಿಘಂಟು ಭಾರ, ಅದು ನಿನ್ನ ಹತ್ತಿರವೇ ಇರಲಿ, ಬಳಸು. ನನಗೆ ಯಾವುದಾದರೂ ಪದದ ಅರ್ಥ ಬೇಕಾದರೆ ಆ ಪುಟದ ಫೋಟೋ ಕಳಿಸು; ಇದೊಂದು ಕೆಲಸ ಹಚ್ಚುತ್ತೇನೆ, ಬೈಯಬೇಡ. ಡಬ್ಬಿಯನ್ನು ಶನಿವಾರ ನಾಲ್ಕು ಗಂಟೆಗೆ ತರಲೇ, ಅಥವಾ ಅವತ್ತು ನಿನಗೆ ಇನ್ವಿಜಿಲೇಶನ್ ಇದೆಯೇ?

ನಿನ್ನ,
ನಾನೇ